ಬಿಳಿಯ ಮೇಲೆ ಬಿಳಿ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಉಲ್ಟಾ ಅಕ್ಕ ಎಂದು. ಅವಳು ಸಿಟ್ಟಾಗುತ್ತಿರಲಿಲ್ಲ. ಕೆಲಸವೇ ಅದಾದ ಮೇಲೆ ಹೆಸರಿಗೇಕೆ ಮುನಿಸು?

ನಿಂತುಹೋದ ಒಂದು ವಾರಪತ್ರಿಕೆಯ ಹಳೆಯ ಸಂಚಿಕೆಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಗುತ್ತಿಗೆ ಹಿಡಿದಿದ್ದ ಕಂಪನಿ ಅದು. ಕಂಪನಿ ಎಂದರೆ ಮೆಟ್ಟಿಲ ಕೆಳಗಿನ ಉದ್ದನೆಯ ಒಂದು ಕೋಣೆ. ಬಾಗಿಲ ಬಳಿ ಸ್ಕ್ಯಾನರು, ಗೋಡೆಗೆ ಹೊಂದಿಕೊಂಡು ಸಾಲು ಮೇಜು, ತಿರುಗುವಾಗಲೆಲ್ಲ ಕೊರಗುವ ಒಂದು ಫ್ಯಾನು. ಸ್ಕ್ಯಾನರಿನ ಗಾಜಿನ ಕೆಳಗೆ ಪುಟ ಮಗುಚಿಹಾಕುವವನನ್ನು ಗಾಜಣ್ಣ ಎನ್ನುತ್ತಿದ್ದರು. ಅವನು ತೆಗೆದ ಚಿತ್ರಗಳು ಇವಳ ಮೇಜಿಗೆ ಬರುತ್ತಿದ್ದವು. ಪುಟದ ಸೊಟ್ಟ ತೆಗೆದು, ಕಲೆ ಒರೆಸಿ, ಅಕ್ಷರ ಗುರುತಿಸುವ ಮೆಷಿನ್ನಿಗೆ ಅದನ್ನು ಒಪ್ಪಿಸುವುದು ಇವಳ ಪಾಲಿನದು. ಮೆಷಿನ್ನು ಓದಿದ ಮಾತು ಹುಡುಕಿದವರಿಗೆ ಸಿಗುತ್ತದೆ. ಓದದೆ ಬಿಟ್ಟದ್ದು, ಪುಟದಲ್ಲಿ ಕಣ್ಣಿಗೆ ರಾಚುವಂತಿದ್ದರೂ, ಹುಡುಕುವವರ ಪಾಲಿಗೆ ಇಲ್ಲವೇ ಇಲ್ಲ.

ಆ ಮೆಷಿನ್ನಿಗೊಂದು ಹಟ. ಬಿಳಿ ಕಾಗದದ ಮೇಲೆ ಕಪ್ಪು ಅಕ್ಷರ ಕೊಟ್ಟರೆ ಪಟಪಟನೆ ಓದುತ್ತದೆ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಕಂಡಿತೋ, ಇದ್ಯಾವುದೋ ಚಿತ್ರ ಎಂದುಕೊಂಡು ಮುಖ ತಿರುಗಿಸಿಬಿಡುತ್ತದೆ. ವಾರಪತ್ರಿಕೆಯಲ್ಲಿ ಅಂಥ ಪಟ್ಟಿಗಳಿಗೆ ಬರವೇ? ಕಥೆಯ ತಲೆಬರಹ, ಬರೆದವರ ಹೆಸರು, ಮುಖಪುಟದಲ್ಲಿ ಕೂಗಿ ಕರೆಯುವ ಸಾಲು, ಎಲ್ಲ ಬಣ್ಣದ ಪಟ್ಟಿಯ ಮೇಲೆ ಬಿಳಿಯಲ್ಲೇ. ಒಳಗಿನ ಕಥೆಯನ್ನೆಲ್ಲ ಓದಿದ ಮೆಷಿನ್ನಿಗೆ ಬರೆದವರು ಯಾರೆಂದು ಮಾತ್ರ ಗೊತ್ತಿಲ್ಲದ ಪುಟಗಳು ರಾಶಿ ರಾಶಿ ಬರುತ್ತಿದ್ದವು. ಪಟ್ಟಿಯನ್ನು ಇನ್ವರ್ಟ್ ಮಾಡಿ ಕೊಡು, ಅಂದರೆ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿ ಕೊಡು, ಅದೇ ಮೆಷಿನ್ನು ಒಳ್ಳೆಯ ವಿದ್ಯಾರ್ಥಿಯ ಹಾಗೆ ಓದಿ ಒಪ್ಪಿಸುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಇಡೀ ಪುಟವನ್ನೇ ಉಲ್ಟಾ ಮಾಡಿದ್ದಳು. ತಲೆಬರಹವೇನೋ ಬಂತು, ಕೆಳಗಿನ ಕಥೆಯೆಲ್ಲ ಕಪ್ಪಿನ ಮೇಲಿನ ಬಿಳಿಯಾಗಿ ಮೆಷಿನ್ನಿನ ಕಣ್ಣಿನಿಂದ ಮಾಯವಾಯಿತು. ಗಾಜಣ್ಣ ಬಿದ್ದು ಬಿದ್ದು ನಕ್ಕಿದ್ದ. "ಮೂಗು ಸೋರುತ್ತೆ ಅಂತ ತಲೆನೇ ತೆಗೆದುಬಿಟ್ರಲ್ಲ ಅಕ್ಕ." ಅವತ್ತು ಅಂಟಿದ ಹೆಸರು ಅದು. ಆಮೇಲೆ ಪಟ್ಟಿಯನ್ನಷ್ಟೇ ಕತ್ತರಿಸಿ ಉಲ್ಟಾ ಮಾಡುವುದನ್ನು ಕಲಿತಳು. ಬಣ್ಣದ ಚಿತ್ರವೆಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಪದರ, ಚಾನೆಲ್ ಅನ್ನುತ್ತಾರೆ. ಕೆಂಪು ಪಟ್ಟಿಯಾದರೆ ಹಸಿರು ಪದರವನ್ನೋ ನೀಲಿ ಪದರವನ್ನೋ ಮಾತ್ರ ಇಟ್ಟುಕೊಳ್ಳಬೇಕು. ಆ ಪದರದಲ್ಲಿ ಕೆಂಪು ಕಪ್ಪಾಗಿ ಕೂರುತ್ತದೆ, ಬಿಳಿ ಅಕ್ಷರ ಎದ್ದು ಕಾಣುತ್ತದೆ. ಕೆಂಪು ಪದರವನ್ನೇ ಇಟ್ಟುಕೊಂಡರೆ ಪಟ್ಟಿಯೂ ಬಿಳಿ, ಅಕ್ಷರವೂ ಬಿಳಿ, ಕೈಗೆ ಬರುವುದು ಸೊನ್ನೆ. ನೀಲಿ ಪಟ್ಟಿಗೆ ಕೆಂಪು ಪದರ. ಇದು ಮೆದುಳು ಕರಗಿಸುವ ವಿದ್ಯೆಯೇನಲ್ಲ. ಸೂಪರ್‌ವೈಸರ್ ಹೇಳಿಕೊಟ್ಟರು, ಇವಳು ಕಲಿತಳು.

ಬಣ್ಣ ಒಂದು ತುದಿಯಲ್ಲಿ ಗಾಢವಾಗಿದ್ದು ಇನ್ನೊಂದು ತುದಿಗೆ ತೆಳ್ಳಗಾಗುತ್ತ ಹೋಗುವ ಪಟ್ಟಿಗಳಿದ್ದವಲ್ಲ, ಅವೇ ತಲೆನೋವು. ಈ ಮಟ್ಟದಿಂದ ಮೇಲಿದ್ದರೆ ಬಿಳಿ, ಕೆಳಗಿದ್ದರೆ ಕಪ್ಪು ಎಂದು ಇಡೀ ಪಟ್ಟಿಗೆ ಒಂದೇ ಗೆರೆ ಎಳೆದರೆ, ಗಾಢದ ತುದಿಗೆ ಸರಿಹೋದದ್ದು ತೆಳುವಿನ ತುದಿಗೆ ಆಗುವುದಿಲ್ಲ. ಪಟ್ಟಿಯನ್ನು ಚೂರು ಚೂರಾಗಿ ನೋಡಿ, ಪ್ರತಿ ಚೂರಿಗೂ ಅದರ ಅಕ್ಕಪಕ್ಕಕ್ಕೆ ತಕ್ಕ ಗೆರೆ ಹಾಕಬೇಕು.

"ಯಾವ ಪುಣ್ಯಾತ್ಮ ಮಾಡಿದ್ನೋ ಈ ಪಟ್ಟಿಗಳನ್ನ," ಎಂದು ಒಂದು ದಿನ ಗಾಜಣ್ಣ ಬೈದುಕೊಂಡ.

"ನಮ್ಮಪ್ಪ," ಎಂದಳು ಅವಳು.

ತಮಾಷೆಯಲ್ಲ, ನಿಜ. ಅವಳ ಅಪ್ಪ ಆ ವಾರಪತ್ರಿಕೆಯಲ್ಲಿ ಪುಟ ಕಟ್ಟುತ್ತಿದ್ದವನು. ಮೊದಲು ಬ್ರಶ್ಶು ಹಿಡಿದು ತಲೆಬರಹ ಬರೆಯುತ್ತಿದ್ದ. ಕಂಪ್ಯೂಟರು ಬಂದ ಮೇಲೆ ಅದರ ಮುಂದೆ ಕೂತ. ಕೂತವನಿಗೆ ಈ ತೇಲುವ ಬಣ್ಣದ ಹುಚ್ಚು ಹಿಡಿಯಿತು. ಎಡದಲ್ಲಿ ಕಡು ನೀಲಿ, ಬಲಕ್ಕೆ ಹೋಗುತ್ತ ಹೋಗುತ್ತ ಬೆಳಗಿನ ಜಾವ. ಮನೆಗೆ ಬಂದು ಊಟದ ತಟ್ಟೆಯ ಮುಂದೆ ಕೂತು ಅದನ್ನೇ ವರ್ಣಿಸುತ್ತಿದ್ದ. ಅಮ್ಮ ಬದುಕಿದ್ದಾಗ, "ಆ ಬಣ್ಣಾನ ಕಲಸ್ಕೊಂಡು ಊಟ ಮಾಡ್ತೀರಾ?" ಎಂದು ಮೂಗು ಮುರಿಯುತ್ತಿದ್ದಳು.

ಈಗ ಅಪ್ಪನ ಕಣ್ಣಿನ ನಡುಭಾಗವೇ ಹೋಗಿದೆ. ಅಂಚಿನಲ್ಲಿ ಏನೋ ಆಡುವುದು ತಿಳಿಯುತ್ತದೆ, ನೇರಕ್ಕೆ ನೋಡಿದ್ದು ಕಾಣುವುದಿಲ್ಲ. ಕೆಲವು ಕಾಲ ಟೀವಿಯಷ್ಟು ದೊಡ್ಡ ಪರದೆಯಲ್ಲಿ, ಕಪ್ಪಿನ ಮೇಲೆ ಬಿಳಿ ಅಕ್ಷರ ಹಾಕಿಕೊಂಡು ಓದುತ್ತಿದ್ದ; ಬಿಳಿ ಪುಟದ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಮೆಷಿನ್ನಿಗೆ ಬೇಡವಾದದ್ದು ಅಪ್ಪನಿಗೆ ಬೇಕು, ಅಪ್ಪನಿಗೆ ಬೇಡವಾದದ್ದು ಮೆಷಿನ್ನಿಗೆ ಬೇಕು, ಎರಡರ ನಡುವೆ ಅವಳು ದಿನವಿಡೀ ಉಲ್ಟಾ ಮಾಡುತ್ತ ಕೂತಿರುತ್ತಿದ್ದಳು. ಆಮೇಲೆ ಆ ಪರದೆಯೂ ಅಪ್ಪನ ಕೈಬಿಟ್ಟಿತು. ಈಗ ಮೊಬೈಲಿನ ಹೆಂಗಸು ಓದುತ್ತಾಳೆ, ಅಪ್ಪ ಕೇಳುತ್ತಾನೆ.

ಅವಳ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ. ಕರಪತ್ರ ಟೈಪ್ ಮಾಡುವ ಅಂಗಡಿಯಲ್ಲಿದ್ದಳು, ಅಂಗಡಿ ಮುಚ್ಚಿತು. ಮದುವೆಯಾಗಿತ್ತು, ಅದೂ ಮುಚ್ಚಿತು. ಗಂಡನನ್ನು ಯಾರಾದರೂ ಕೇಳಿದರೆ, "ಅವರಿದಾರೆ, ಚೆನ್ನಾಗಿದಾರೆ, ಬೇರೆಯವರ ಜೊತೆ," ಎಂದು ಮುಖ ಕೊಡದೆ ಹೇಳಿ ಮುಂದಿನ ಪುಟ ತೆರೆಯುತ್ತಿದ್ದಳು. ಅಪ್ಪನ ಬಳಿಗೆ ವಾಪಸು ಬಂದಾಗ ಮನೆಯಲ್ಲಿ ತಮ್ಮನ ಶರ್ಟು ಇನ್ನೂ ಮೊಳೆಯಲ್ಲಿ ತೂಗುತ್ತಿತ್ತು.

ತಮ್ಮನದು ಒಂದು ಗಾರ್ಮೆಂಟ್ ಕಾರ್ಖಾನೆಯ ಕೆಲಸ. ಯಾರಿಗೂ ಹೇಳದೆ ಒಂದು ಕಥೆ ಬರೆದ. ಅಪ್ಪನ ಶಿಫಾರಸು ಬೇಡವೆಂದು ಅಂಚೆಯಲ್ಲೇ ಕಳಿಸಿದ. ಸಂಪಾದಕರು ಒಪ್ಪಿದರು. 'ಪಾಳಿ ಮುಗಿದ ಮೇಲೆ' ಎಂದು ಹೆಸರು. ಪುಟ ಕಟ್ಟಲು ಅದು ಅಪ್ಪನ ಮೇಜಿಗೇ ಬಂದಾಗ, ಅಪ್ಪನ ಕಾಲು ನೆಲದ ಮೇಲಿರಲಿಲ್ಲ. ತನ್ನ ಕೈಯಲ್ಲಿದ್ದ ಚಂದವನ್ನೆಲ್ಲ ಆ ಪಟ್ಟಿಗೆ ಸುರಿದ. ರಾತ್ರಿ ಪಾಳಿ ಮುಗಿಸಿ ಹೊರಗೆ ಬಂದವನಿಗೆ ಬೆಳಗಾಗುವ ಕಥೆಯಲ್ಲವೇ, ಎಡಕ್ಕೆ ಕಡು ನೀಲಿಯ ಮೇಲೆ ಕಥೆಯ ಹೆಸರು, ಬಲಕ್ಕೆ ಬೆಳಕು ಹರಿಯುವ ಕಡೆ ಮಗನ ಹೆಸರು. ಎಲ್ಲ ಬಿಳಿಯಲ್ಲಿ.

ಪತ್ರಿಕೆ ಬಂದ ದಿನ ತಮ್ಮ ಕಾರ್ಖಾನೆಗೆ ಒಂದು ಪ್ರತಿ ಕೊಂಡೊಯ್ದ. ಸಂಜೆ ಬಂದವನ ಮುಖ ಚಿಕ್ಕದಾಗಿತ್ತು. "ಹೆಸರೇ ಇಲ್ಲ ಅಪ್ಪ. ನಾನು ಬರೆದಿದ್ದು ಅಂದ್ರೆ ಯಾರೂ ನಂಬಲಿಲ್ಲ. ಎಲ್ಲಿದೆ ತೋರ್ಸು ಅಂದ್ರು. ಏನಂತ ತೋರಿಸ್ಲಿ?"

ಅಪ್ಪನಿಗೆ ತನ್ನ ಕೆಲಸಕ್ಕೆ ಯಾರಾದರೂ ಬೆರಳು ತೋರಿಸಿದರೆ ಮೈಯೆಲ್ಲ ಉರಿ. "ಕಣ್ಣಿದ್ದವರಿಗೆ ಕಾಣ್ಸುತ್ತೆ," ಎಂದುಬಿಟ್ಟ.

ಅಷ್ಟೇ ಮಾತು. ಆಮೇಲೆ ಅಪ್ಪ ಮಗ ಒಬ್ಬರಿಗೊಬ್ಬರು ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟಕ್ಕೆ ನಿಂತರು. ತಮ್ಮ ಮತ್ತೆ ಬರೆಯಲಿಲ್ಲ. ತನ್ನ ಪ್ರತಿಯನ್ನು ಏನು ಮಾಡಿದನೋ, ಮನೆಯಲ್ಲಂತೂ ಇರಲಿಲ್ಲ. ಅದೇ ವರ್ಷ ಪಾಳಿಗೆ ಹೊರಟವನ ಬೈಕಿಗೆ ಲಾರಿಯೊಂದು ಬಡಿಯಿತು, ಅವನು ಉಳಿಯಲಿಲ್ಲ.

ಅಪ್ಪ ಆ ವಿಷಯ ಎತ್ತಿದವನೇ ಅಲ್ಲ. ಎತ್ತಿದ್ದು ಈಗ, ಹಳೆಯ ಸಂಚಿಕೆಗಳಲ್ಲಿ ಯಾರ ಹೆಸರು ಬೇಕಾದರೂ ಹುಡುಕಬಹುದಂತೆ ಎಂದು ಮಗಳ ಬಾಯಲ್ಲಿ ಕೇಳಿದ ಮೇಲೆ.

"ನಿನ್ ತಮ್ಮನ ಹೆಸರು ಹುಡುಕಿ ನೋಡು."

"ಅಪ್ಪ..."

"ಇರುತ್ತೆ ಕಣೆ. ನಾನೇ ಹಾಕಿದೀನಿ. ನನ್ನ ಸ್ಕ್ರೀನ್ ಮೇಲೆ ಚೆನ್ನಾಗಿ ಕಾಣ್ತಿತ್ತು. ನನಗೀಗ ಕಣ್ಣಿಲ್ಲ, ಮೆಷಿನ್ನಿಗಾದ್ರೂ ಇದೆಯಲ್ಲ. ಅದು ಓದಿಬಿಡ್ಲಿ ಸಾಕು."

ಅವಳಿಗೆ ಅರ್ಥವಾಯಿತು. ಮೆಷಿನ್ನು ಓದಿದರೆ ಹೆಸರು ಇತ್ತು ಎಂದಾಯಿತು. ಹೆಸರು ಇದ್ದಿದ್ದರೆ ಅಂದು ಅಪ್ಪ ಆಡಿದ ಮಾತು ಬರೀ ಒರಟು ಮಾತು, ಸುಳ್ಳಲ್ಲ. ಇಷ್ಟು ಸಾಕಿತ್ತು ಅಪ್ಪನಿಗೆ, ಉಳಿದ ದಿನ ತಳ್ಳಲು.

ಹುಡುಕಿದಳು. ಏನೂ ಇಲ್ಲವೆಂದಿತು. ಮನೆಗೆ ಬಂದು ಹೇಳಿದರೆ ಅಪ್ಪ ಕುಗ್ಗಲಿಲ್ಲ, ಬದಲಿಗೆ ಕುರ್ಚಿಯಲ್ಲಿ ನೆಟ್ಟಗೆ ಕೂತ. "ಪಟ್ಟಿ ಉಲ್ಟಾ ಮಾಡಿರಲ್ಲ. ಯಾರು ಮಾಡಿದ್ರು ಆ ವರ್ಷದ್ದು, ನೀನಾ?"

ಅವಳಲ್ಲ. ಅವಳು ಬರುವ ಮೊದಲೇ ಆ ವರ್ಷದ ಸಂಚಿಕೆಗಳು ಮುಗಿದಿದ್ದವು. ಮರುದಿನ ಪುಟ ತೆರೆದು ನೋಡಿದಳು. ಆಗ ಕಂಪ್ಯೂಟರಿನಲ್ಲಿ ಫೈಲು ದೊಡ್ಡದಾಗುತ್ತದೆಂದು ಬಣ್ಣ ಬಿಟ್ಟು, ಬೂದು ಬಣ್ಣವನ್ನೂ ಬಿಟ್ಟು, ಅಪ್ಪಟ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ್ದರು. ಪಟ್ಟಿಯ ಎಡ ಅರ್ಧ ಮಸಿ ಬಳಿದಂತೆ ಕಪ್ಪು, ಅದರಲ್ಲಿ ಕಥೆಯ ಹೆಸರು. ಬಲ ಅರ್ಧ ಬಟ್ಟ ಬಯಲು. ಉಲ್ಟಾ ಮಾಡಿದಳು. ಎಡದಲ್ಲಿ ಕಥೆಯ ಹೆಸರು ಕಪ್ಪಾಗಿ ಮೂಡಿತು. ಬಲ ಅರ್ಧ ಈಗ ಬರೀ ಕಪ್ಪು. ಬಿಳಿಯ ಮೇಲಿನ ಬಿಳಿಯನ್ನು ತಿರುಗಿಸಿದರೆ ಕಪ್ಪಿನ ಮೇಲೆ ಕಪ್ಪು.

"ಇದರಲ್ಲಿ ಏನೂ ಉಳಿದಿಲ್ಲಮ್ಮ," ಎಂದರು ಸೂಪರ್‌ವೈಸರ್, ಹೆಗಲ ಹಿಂದಿನಿಂದ ಇಣುಕಿ. "ಒರಿಜಿನಲ್ ಸಿಕ್ಕಿದ್ರೆ ಕಲರ್‌ನಲ್ಲಿ ಮತ್ತೆ ಸ್ಕ್ಯಾನ್ ಮಾಡ್ಬೋದು. ಆದ್ರೆ ಆ ಗಂಟುಗಳು ರದ್ದಿಗೆ ಹೋಗೋ ಸಾಲಲ್ಲಿವೆ. ಹೋಗಿದ್ರೂ ಹೋಗಿರ್ಬೋದು." ಒಳ್ಳೆಯ ಮನುಷ್ಯ. ಇದು ಲೆಕ್ಕಕ್ಕಿಲ್ಲದ ಕೆಲಸ ಎಂದು ಗೊತ್ತಿದ್ದೂ, ಯಾರ ಹೆಸರು ಎಂದು ಕೇಳಲಿಲ್ಲ.

ಗಾಜಣ್ಣನೇ ಅವಳ ಜೊತೆ ಗೋದಾಮಿಗೆ ಬಂದ. ಲಾರಿಗೆ ಗಂಟುಗಳನ್ನು ಎತ್ತಿ ಹಾಕುತ್ತಿದ್ದರು. ಆ ವರ್ಷದ ಗಂಟು ಬಾಗಿಲ ಬಳಿ, ಇನ್ನೇನು ಸರದಿ ಎನ್ನುವ ಹಾಗೆ ಕೂತಿತ್ತು. ಕೆಳಗಿನ ಸಂಚಿಕೆಗಳನ್ನು ಗೆದ್ದಲು ತಿಂದಿತ್ತು, ಮೇಲಿನವು ಉಳಿದಿದ್ದವು. ಗಾಜಣ್ಣ ಧೂಳಿಗೆ ಸೀನುತ್ತ ಒಂದೊಂದನ್ನೇ ಮಗುಚಿದ. "ಇಗೊಳ್ಳಿ ಅಕ್ಕ, ಪಾಳಿ ಮುಗಿದ ಮೇಲೆ. ನಮ್ಮ ಪಾಳಿ ಯಾವಾಗ ಮುಗಿಯುತ್ತೋ." ಅವಳು ಅವನ ಕೈಯಿಂದ ಕಿತ್ತುಕೊಂಡಳು. ಪಟ್ಟಿ ಅಪ್ಪ ಹೇಳಿದ ಹಾಗೇ ಇತ್ತು, ಎಡಕ್ಕೆ ರಾತ್ರಿ, ಬಲಕ್ಕೆ ಬೆಳಗು. ಕಾಗದ ಹಳದಿಯಾಗಿತ್ತು. ಬಲತುದಿಯಲ್ಲಿ ಬರಿಗಣ್ಣಿಗೆ ಏನೂ ಕಾಣಲಿಲ್ಲ. ಬರಿಗಣ್ಣಿಗೆ ಕಾಣದ್ದನ್ನು ಎಷ್ಟೋ ಸಲ ಹೊರತೆಗೆದಿದ್ದಳಲ್ಲ, ಹಾಗಾಗಿ ಧೈರ್ಯ ಬಿಡಲಿಲ್ಲ.

ಗಾಜಣ್ಣ ಪುಟವನ್ನು ಮಗುವಿನ ಹಾಗೆ ಗಾಜಿನ ಕೆಳಗೆ ಮಲಗಿಸಿ, ಪೂರ್ತಿ ಬಣ್ಣದಲ್ಲಿ, ಯಂತ್ರಕ್ಕೆ ಎಷ್ಟು ಸಾಧ್ಯವೋ ಅಷ್ಟು ಸೂಕ್ಷ್ಮವಾಗಿ ಚಿತ್ರ ತೆಗೆದುಕೊಟ್ಟ. ಅವಳು ಪಟ್ಟಿಯನ್ನು ಕತ್ತರಿಸಿಕೊಂಡಳು. ನೀಲಿಗೆ ಕೆಂಪು ಪದರ. ಆ ಪದರದಲ್ಲಿ ಕಾಗದದ ಹಳದಿಯೂ ಕಾಟ ಕೊಡುವುದಿಲ್ಲ. ಗಾಢದಿಂದ ತೆಳುವಿಗೆ ಇಳಿಯುವ ಆ ಇಳಿಜಾರನ್ನು ಸಮ ಮಾಡಿದಳು. ಚೂರು ಚೂರಿಗೂ ಅದರದೇ ಗೆರೆ ಹಾಕಿದಳು. ಉಲ್ಟಾ ಮಾಡಿದಳು.

ಕಥೆಯ ಹೆಸರು ನಿನ್ನೆ ಅಚ್ಚು ಹಾಕಿದಂತೆ ಬಂತು. ಅದರಾಚೆ ಪಟ್ಟಿ ತಿಳಿಯಾಗುವ ಕಡೆ, ತಮ್ಮನ ಹೆಸರಿನ ಮೊದಲ ಅಕ್ಷರದ ಎಡಮಗ್ಗುಲು, ಬಾಗಿದ ಒಂದು ಗೆರೆ. ಆ ಗೆರೆಯ ಆಚೆಗೆ ಏನೂ ಇಲ್ಲ. ಇರುವಷ್ಟು ವ್ಯತ್ಯಾಸವನ್ನು ಹಿಗ್ಗಿಸಿದಳು. ಕಾಗದದ ನಾರು ಎದ್ದು ಬಂತು. ಇನ್ನೂ ಹಿಗ್ಗಿಸಿದಳು, ನಾರೇ ಹಗ್ಗದಷ್ಟಾಯಿತು, ಅಕ್ಷರ ಬರಲಿಲ್ಲ. ಹಸಿರು ಪದರ ನೋಡಿದಳು, ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ನೀಲಿಯನ್ನೂ ನೋಡಿದಳು.

ಕೊನೆಗೆ ಭೂತಗನ್ನಡಿ ಹಿಡಿದು ಕಾಗದವನ್ನೇ ನೋಡಿದಳು. ಅಚ್ಚಿನಲ್ಲಿ ತೆಳು ಬಣ್ಣವೆಂದರೆ ಸಣ್ಣ ಸಣ್ಣ ಚುಕ್ಕೆಗಳು. ಎಡದಲ್ಲಿ ಚುಕ್ಕೆ ಒತ್ತಾಗಿದ್ದವು, ಬಲಕ್ಕೆ ಬರುತ್ತ ಸಣ್ಣಗಾಗಿದ್ದವು, ಆ ಬಾಗಿದ ಗೆರೆಯ ಹತ್ತಿರ ನಿಂತೇಹೋಗಿದ್ದವು. ತೀರಾ ಸಣ್ಣ ಚುಕ್ಕೆಯನ್ನು ಆ ಅಗ್ಗದ ಅಚ್ಚುಯಂತ್ರ ಕಾಗದಕ್ಕೆ ಇಳಿಸಿಯೇ ಇರಲಿಲ್ಲ. ಅಪ್ಪನ ಸ್ಕ್ರೀನಿನಲ್ಲಿ ಅಲ್ಲೊಂದು ತೆಳುನೀಲಿ ಇದ್ದಿರಬೇಕು, ಅದರ ಮೇಲೆ ಬಿಳಿ ಹೆಸರು ಕಂಡಿರಬೇಕು. ಬಿಳಿ ಅಕ್ಷರಕ್ಕೆ ಮಸಿ ಎಂಬುದಿರುವುದಿಲ್ಲ; ಸುತ್ತ ಬಣ್ಣ ಬಿದ್ದು, ನಡುವೆ ಉಳಿದ ಕಾಗದವೇ ಅಕ್ಷರ. ಸುತ್ತಲಿನ ಬಣ್ಣವೇ ಬೀಳದ ಮೇಲೆ ಅಕ್ಷರವೆಲ್ಲಿಂದ ಬರಬೇಕು? ಹೆಸರು ಮಾಸಿಹೋದದ್ದಲ್ಲ. ಒಂದು ದಿನವೂ ಅಲ್ಲಿ ಇರಲಿಲ್ಲ. ತಮ್ಮ ಕಾರ್ಖಾನೆಯಲ್ಲಿ ಪುಟ ಹಿಡಿದು, ಬರೀ ಕಾಗದದ ಮೇಲೆ ಬೆರಳಿಟ್ಟು ನಿಂತದ್ದು ಅವಳ ಕಣ್ಣಿಗೆ ಕಟ್ಟಿತು. ಮೇಜಿಗೆ ತಲೆಯಿಟ್ಟು ಅತ್ತಳು. ಗಾಜಣ್ಣ ಒಂದು ಲೋಟ ನೀರು ತಂದಿಟ್ಟು, ಸ್ಕ್ಯಾನರಿನ ಗಾಜು ಒರೆಸತೊಡಗಿದ.

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಮೊಬೈಲಿನಲ್ಲಿ ಎರಡು ಸಾಲು ಟೈಪ್ ಮಾಡಿದಳು. ಮೊದಲ ಸಾಲು ಮೆಷಿನ್ನು ಓದಿದ ಕಥೆಯ ಹೆಸರು. ಎರಡನೆಯದು ತಮ್ಮನ ಹೆಸರು. ತಪ್ಪೆಂದು ಗೊತ್ತಿತ್ತು. ಹಾಳಾಗಿ ಹೋಗಲಿ, ಮುದುಕನಿಗೆ ಒಂದು ರಾತ್ರಿ ನಿದ್ದೆಯಾದರೂ ಬರಲಿ ಎಂದುಕೊಂಡಳು.

ಅಪ್ಪ ಬಾಗಿಲ ಸದ್ದಿಗೇ ಎದ್ದು ಕೂತಿದ್ದ. ಗಡ್ಡ ಬೋಳಿಸಿಕೊಂಡಿದ್ದ, ಕೆನ್ನೆಯ ಮೇಲೆ ಒಂದು ಕಡೆ ಗಾಯವಾಗಿತ್ತು.

"ಸಿಕ್ತಾ?"

"ಸಿಕ್ತು ಅಪ್ಪ. ಒರಿಜಿನಲ್ಲೇ ಸಿಕ್ತು."

"ಕೆಂಪು ಚಾನೆಲ್ ತಗೊಂಡ್ಯಾ?"

"ಹ್ಞೂ. ಕೆಂಪು ತಗೊಂಡು, ಸಮ ಮಾಡಿ, ಆಮೇಲೆ ಉಲ್ಟಾ ಮಾಡ್ದೆ."

"ಭೇಷ್." ಅಪ್ಪ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕಿವಿ ಮುಂದೆ ಮಾಡಿದ. "ನೀನು ಹೇಳ್ಬೇಡ. ಅದೇ ಓದ್ಲಿ."

ಅವಳು ಬಟನ್ ಒತ್ತಿದಳು. ಮೊಬೈಲಿನ ಹೆಂಗಸು ತನ್ನ ಭಾವವಿಲ್ಲದ ಗಂಟಲಲ್ಲಿ, "ಪಾಳಿ ಮುಗಿದ ಮೇಲೆ," ಎಂದಳು. ಕೊಂಚ ತಡೆದು ತಮ್ಮನ ಹೆಸರು ಹೇಳಿದಳು. ಆ ಮನೆಯಲ್ಲಿ ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತೋ. ಅಪ್ಪನ ಮುಖ ಒಮ್ಮೆ ಅರಳಿತು. ಅವನು ಹಾಗೆಯೇ ಕಾಯುತ್ತ ಕೂತ. ಅವಳಿಗೆ ಏನು ಕಾಯುತ್ತಿದ್ದಾನೆಂದು ತಿಳಿಯಲಿಲ್ಲ.

"ಆಮೇಲೆ?" ಎಂದ ಅಪ್ಪ.

"ಆಮೇಲೇನಿಲ್ಲ ಅಪ್ಪ. ಪಟ್ಟಿಲಿ ಇರೋದು ಅಷ್ಟೇ."

"ಇನ್ನೊಂದ್ಸಲ ಓದ್ಸು."

ಓದಿಸಿದಳು. ಕಥೆಯ ಹೆಸರು, ತಮ್ಮನ ಹೆಸರು, ಮೌನ. ಅಪ್ಪನ ಮುಖದಲ್ಲಿ ಅರಳಿದ್ದು ಮೆಲ್ಲಗೆ ಆರಿತು.

"ಅವನ ಹೆಸರಾದ್ಮೇಲೆ, ಇನ್ನೂ ಬಲಕ್ಕೆ, ನಂದೂ ಹಾಕಿದ್ದೆ ಕಣಮ್ಮ," ಎಂದ. "ಪುಟ ವಿನ್ಯಾಸ ಅಂತ. ಅಷ್ಟು ವರ್ಷದ ಕೆಲಸದಲ್ಲಿ ಒಂದೇ ಒಂದ್ಸಲ. ಸಂಪಾದಕರಿಗೂ ಹೇಳಿರಲಿಲ್ಲ, ಅವನಿಗೂ ಹೇಳಿರಲಿಲ್ಲ. ಅವನ ಪಕ್ಕದಲ್ಲಿ ನಿಂತ ಹಾಗೆ ಇರ್ಲಿ ಅಂತ."

"ತುಂಬಾ ಚಿಕ್ಕ ಅಕ್ಷರ ಇರ್ಬೇಕು ಅಪ್ಪ, ಅದಕ್ಕೇ..."

"ಒಂದೇ ಅಳತೆ." ಅಪ್ಪ ತಲೆಯಾಡಿಸಿದ. "ಅವನದನ್ನ ಓದಿದ ಮೆಷಿನ್ನಿಗೆ ನಂದರಲ್ಲಿ ಒಂದು ಅಕ್ಷರವೂ ಸಿಗಲಿಲ್ವಾ? ನೀನು ಟೈಪ್ ಮಾಡಿದ್ದು ಅಲ್ವಾ?"

ಅವಳ ಕೈಯಲ್ಲಿದ್ದ ಮೊಬೈಲಿನ ಬೆಳಕು ತಾನಾಗಿ ಆರಿತು.

"ಅಚ್ಚೇ ಆಗಿಲ್ಲ ಅಲ್ವಾ," ಎಂದ ಅಪ್ಪ. ಅವಳು ಅವನ ಕೈ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ತಮ್ಮನ ಶರ್ಟು ತೂಗುತ್ತಿದ್ದ ಮೊಳೆಯಿಂದ ಮುಖವನ್ನು ಕೊಂಚ ಪಕ್ಕಕ್ಕೆ ತಿರುಗಿಸಿ, ಕಣ್ಣಿನ ಅಂಚಿನಿಂದ ಅದನ್ನೇ ನೋಡುತ್ತಿದ್ದ.

"ಅವನು ಅವತ್ತು ಪೇಪರು ತಂದು ನನ್ನ ತೊಡೆ ಮೇಲೆ ಇಟ್ಟ ಕಣಮ್ಮ, ನೋಡು ಅಪ್ಪ ಅಂತ. ಆಗ ನನಗೆ ಕಣ್ಣಿತ್ತು. ನಾನು ಬಿಚ್ಚಿ ಸಹ ನೋಡ್ಲಿಲ್ಲ."